ಆಸ್ಟ್ರೋಲೇಬ್

ಆಸ್ಟ್ರೋಲೇಬ್ ಎಂಬುದು ಆಕಾಶಕಾಯಗಳ ಉನ್ನತಿಯನ್ನು ಅಳೆದು, ಅದರಿಂದ ಕಾಲವನ್ನೂ ಅಕ್ಷಾಂಶವನ್ನೂ ನಕ್ಷತ್ರಗಳ ಸ್ಥಾನವನ್ನೂ ತಿಳಿಯಲು ಬಳಸುತ್ತಿದ್ದ, ಕೈಯಲ್ಲಿ ಹಿಡಿಯಬಹುದಾದ ಲೋಹದ ಉಪಕರಣ. ಸಾಮಾನ್ಯವಾಗಿ ಹಿತ್ತಾಳೆಯಿಂದ ಮಾಡಿದ ಈ ದುಂಡನೆಯ ಯಂತ್ರವನ್ನು ಸಂಸ್ಕೃತ ಗ್ರಂಥಗಳು ‘ಯಂತ್ರರಾಜ’ ಎಂದು ಕರೆದಿವೆ. ಗ್ರೀಕ್ ಜ್ಯಾಮಿತಿಯಲ್ಲಿ ಇದರ ಮೂಲವಿದೆ. ಅರಬ್ ಮತ್ತು ಪರ್ಷಿಯನ್ ಖಗೋಳಜ್ಞರ ಕೈಯಲ್ಲಿ ಬೆಳೆದ ಇದು ಒಂದೆಡೆ ಯೂರೋಪಿಗೂ ಇನ್ನೊಂದೆಡೆ ಭಾರತಕ್ಕೂ ಹರಡಿತು.

ಈ ಉಪಕರಣ ಎರಡು ಕೆಲಸಗಳನ್ನು ಮಾಡುತ್ತದೆ. ಅದರ ಹಿಂಬದಿಯಿಂದ ಸೂರ್ಯ ಅಥವಾ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಎಂದು ಅಳೆಯಬಹುದು. ಅದರ ಮುಂಬದಿಯು ಆ ಒಂದೇ ಅಳತೆಯನ್ನು ತೆಗೆದುಕೊಂಡು, ಯಾವ ಲೆಕ್ಕಾಚಾರವೂ ಇಲ್ಲದೆ, ಆ ಕ್ಷಣದ ಇಡೀ ಆಕಾಶವನ್ನು ತೋರಿಸುತ್ತದೆ. ತ್ರಿಕೋನಮಿತಿಯ ದೀರ್ಘ ಗಣಿತವನ್ನು ಒಂದು ತಗಡನ್ನು ತಿರುಗಿಸುವ ಕೆಲಸಕ್ಕೆ ಇಳಿಸಿದ್ದೇ ಈ ಯಂತ್ರದ ವೈಶಿಷ್ಟ್ಯ.

ಭಾಗಗಳು

ಯಂತ್ರದ ಮುಖ್ಯ ಭಾಗವು ಅಂಚು ಎತ್ತರವಾಗಿರುವ ತಟ್ಟೆಯಂತಹ ಒಂದು ಫಲಕ. ಉಳಿದ ಭಾಗಗಳನ್ನೆಲ್ಲ ಒಡಲಲ್ಲಿ ಇಟ್ಟುಕೊಳ್ಳುವುದರಿಂದ ಅರಬ್ಬೀ ಭಾಷೆಯಲ್ಲಿ ಇದಕ್ಕೆ ‘ಉಮ್ಮ್’, ಅಂದರೆ ತಾಯಿ, ಎಂಬ ಹೆಸರಿದೆ. ಇದರ ಅಂಚಿನ ಮೇಲೆ 360 ಡಿಗ್ರಿಗಳ ಗುರುತುಗಳಿರುತ್ತವೆ. ಮೇಲ್ತುದಿಯಲ್ಲಿ ಅಲಂಕಾರದ ಪೀಠವೊಂದಿದ್ದು, ಅದಕ್ಕೆ ಯಂತ್ರವನ್ನು ತೂಗುಹಾಕುವ ಬಳೆ ಸೇರಿಕೊಂಡಿರುತ್ತದೆ.

ತಾಯಿಫಲಕದ ಒಳಗೆ ಕೂರುವ ತೆಳುವಾದ ತಗಡಿಗೆ ಸಂಸ್ಕೃತದಲ್ಲಿ ‘ಅಕ್ಷಪತ್ರ’ ಎನ್ನುತ್ತಾರೆ. ಇದು ಅಲುಗಾಡುವುದಿಲ್ಲ. ಒಂದು ಊರಿನಲ್ಲಿ ನಿಂತವನಿಗೆ ಕಾಣುವ ದಿಗಂತ, ನೆತ್ತಿಯ ಮೇಲಿನ ಬಿಂದುವಾದ ಖಮಧ್ಯ, ಇವೆರಡರ ನಡುವಿನ ಸಮಾನ ಉನ್ನತಿಯ ವೃತ್ತಗಳು ಹಾಗೂ ದಕ್ಷಿಣೋತ್ತರವಾಗಿ ಸಾಗುವ ಮಧ್ಯಾಹ್ನರೇಖೆ ಇದರ ಮೇಲೆ ಕೊರೆಯಲ್ಪಟ್ಟಿರುತ್ತವೆ. ದಿಗಂತ ಮತ್ತು ಖಮಧ್ಯಗಳ ಸ್ಥಾನವು ಅಕ್ಷಾಂಶವನ್ನು ಅವಲಂಬಿಸುವುದರಿಂದ ಪ್ರತಿ ಅಕ್ಷಾಂಶಕ್ಕೂ ಬೇರೆ ಅಕ್ಷಪತ್ರ ಬೇಕು. ಆದ್ದರಿಂದ ಒಂದೇ ಯಂತ್ರದೊಳಗೆ ಎರಡೂ ಬದಿ ಕೊರೆದ ಹಲವು ತಗಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದರು.

ಅಕ್ಷಪತ್ರದ ಮೇಲೆ ತಿರುಗುವ ಜಾಲರಿಯಂತಹ ತಗಡೇ ‘ಭಪತ್ರ’. ‘ಭ’ ಎಂದರೆ ನಕ್ಷತ್ರ. ಕೆಳಗಿನ ಗೆರೆಗಳು ಕಾಣಬೇಕಾದ್ದರಿಂದ ಇದರ ಬಹುಭಾಗವನ್ನು ಕತ್ತರಿಸಿ ತೆಗೆದಿರುತ್ತಾರೆ. ಉಳಿದ ಕೊಂಡಿಗಳ ಚೂಪಾದ ತುದಿಗಳು ಒಂದೊಂದೂ ಒಂದು ಪ್ರಕಾಶಮಾನ ನಕ್ಷತ್ರದ ಸ್ಥಾನವನ್ನು ತೋರಿಸುತ್ತವೆ. ಇದರಲ್ಲೇ ಸೂರ್ಯನ ವಾರ್ಷಿಕ ಪಥವಾದ ಕ್ರಾಂತಿವೃತ್ತವೂ ಇದ್ದು, ಅದನ್ನು ಹನ್ನೆರಡು ರಾಶಿಗಳಾಗಿ ವಿಭಾಗಿಸಿರುತ್ತಾರೆ. ಮಕರ ರಾಶಿಯ ಆರಂಭದಲ್ಲಿ ಪುಟ್ಟ ಮುಳ್ಳೊಂದಿದ್ದು, ಅದು ಅಂಚಿನ ಡಿಗ್ರಿಗಳನ್ನು ಸೂಚಿಸುತ್ತದೆ. ಭಪತ್ರ ಒಂದು ಸುತ್ತು ತಿರುಗಿದರೆ ಆಕಾಶವು ಒಂದು ಸುತ್ತು ತಿರುಗಿದಂತೆ.

ಹಿಂಬದಿಯಲ್ಲಿ ಮಧ್ಯದ ಮೊಳೆಯ ಸುತ್ತ ತಿರುಗುವ ವೀಕ್ಷಣಾಪಟ್ಟಿ ಇರುತ್ತದೆ. ಅದರ ಎರಡೂ ತುದಿಗಳ ಬಳಿ ರಂಧ್ರವಿರುವ ಪುಟ್ಟ ತಗಡುಗಳು ಲಂಬವಾಗಿ ನಿಂತಿರುತ್ತವೆ. ಎಲ್ಲ ಭಾಗಗಳನ್ನೂ ಹಿಡಿದಿಡುವ ಮೊಳೆಗೆ ಒಂದು ಬೆಣೆ ಹಾಕುತ್ತಾರೆ. ಈ ಬೆಣೆಯನ್ನು ಅನೇಕ ವೇಳೆ ಕುದುರೆಯ ಮುಖದ ಆಕಾರದಲ್ಲಿ ಮಾಡುತ್ತಿದ್ದುದರಿಂದ ಅದಕ್ಕೆ ಅರಬ್ಬೀಯಲ್ಲಿ ‘ಫರಸ್’, ಅಂದರೆ ಕುದುರೆ, ಎಂದೇ ಹೆಸರು.

ಗೋಳವನ್ನು ತಗಡಿನ ಮೇಲೆ ಮೂಡಿಸುವ ವಿಧಾನ

ಆಕಾಶವು ನಮಗೆ ಗೋಳದ ಒಳಮೈಯಂತೆ ಕಾಣುತ್ತದೆ. ಅದನ್ನು ಚಪ್ಪಟೆ ತಗಡಿನ ಮೇಲೆ ಮೂಡಿಸಲು ಬಳಸಿದ ವಿಧಾನ ಹೀಗಿದೆ. ಖಗೋಳದ ದಕ್ಷಿಣ ಧ್ರುವದಲ್ಲಿ ಒಂದು ಕಣ್ಣಿದೆ ಎಂದು ಭಾವಿಸಬೇಕು. ಆ ಕಣ್ಣಿನಿಂದ ಆಕಾಶದ ಒಂದೊಂದು ಬಿಂದುವಿಗೂ ನೇರ ಗೆರೆ ಎಳೆದರೆ, ಆ ಗೆರೆಯು ವಿಷುವದ್ವೃತ್ತದ ಸಮತಲವನ್ನು ಎಲ್ಲಿ ಕತ್ತರಿಸುವುದೋ ಅದೇ ತಗಡಿನ ಮೇಲೆ ಆ ಬಿಂದುವಿನ ಸ್ಥಾನ. ಹೀಗೆ ಮೂಡಿಸಿದಾಗ ಉತ್ತರ ಧ್ರುವವು ತಗಡಿನ ಕೇಂದ್ರದಲ್ಲಿ ಬೀಳುತ್ತದೆ.

ಈ ಪ್ರಕ್ಷೇಪಣದ ಒಂದು ಗುಣದಿಂದಲೇ ಯಂತ್ರದ ನಿರ್ಮಾಣ ಸಾಧ್ಯವಾಯಿತು. ಗೋಳದ ಮೇಲಿನ ವೃತ್ತಗಳು ತಗಡಿನ ಮೇಲೂ ವೃತ್ತಗಳಾಗಿಯೇ ಉಳಿಯುತ್ತವೆ. ದಕ್ಷಿಣ ಧ್ರುವದ ಮೂಲಕ ಹಾದುಹೋಗುವವು ಮಾತ್ರ ನೇರ ಗೆರೆಗಳಾಗುತ್ತವೆ. ಹಾಗಾಗಿ ಕುಶಲಕರ್ಮಿಗೆ ಕೈವಾರ ಮತ್ತು ಅಳತೆಪಟ್ಟಿ ಸಾಕು. ತಗಡಿನ ಹೊರ ಅಂಚನ್ನು ಮಕರ ಸಂಕ್ರಾಂತಿ ವೃತ್ತವೆಂದು ಇಟ್ಟು ಅದರ ತ್ರಿಜ್ಯ 10 ಸೆಂ.ಮೀ. ಎಂದುಕೊಂಡರೆ, ವಿಷುವದ್ವೃತ್ತದ ತ್ರಿಜ್ಯ ಸುಮಾರು 6.6 ಸೆಂ.ಮೀ., ಕರ್ಕಾಟಕ ಸಂಕ್ರಾಂತಿ ವೃತ್ತದ್ದು ಸುಮಾರು 4.3 ಸೆಂ.ಮೀ. ಆಗುತ್ತದೆ. ಉತ್ತರದ ಆಕಾಶ ಕೇಂದ್ರದ ಬಳಿ ಒತ್ತಾಗಿ, ದಕ್ಷಿಣದ ಆಕಾಶ ಅಂಚಿನ ಕಡೆಗೆ ಹಿಗ್ಗಿ ಕಾಣುತ್ತದೆ. ಮಕರ ವೃತ್ತಕ್ಕಿಂತ ದಕ್ಷಿಣದಲ್ಲಿರುವ ನಕ್ಷತ್ರಗಳಿಗೆ ಈ ತಗಡಿನಲ್ಲಿ ಸ್ಥಳವಿಲ್ಲ. ದಕ್ಷಿಣ ಭಾರತದಿಂದ ಚೆನ್ನಾಗಿ ಕಾಣುವ ಅಗಸ್ತ್ಯ ನಕ್ಷತ್ರವು ಸಾಮಾನ್ಯ ಆಸ್ಟ್ರೋಲೇಬಿನಲ್ಲಿ ಇಲ್ಲದಿರಲು ಇದೇ ಕಾರಣ.

ಉನ್ನತಿಯನ್ನು ಅಳೆಯುವುದು

ಬಳೆಯನ್ನು ಬೆರಳಿಗೆ ಸಿಕ್ಕಿಸಿ ಯಂತ್ರವನ್ನು ತೂಗಬಿಟ್ಟಾಗ ಅದು ತನ್ನ ಭಾರದಿಂದಲೇ ನೆಲಕ್ಕೆ ಲಂಬವಾಗಿ ನಿಲ್ಲುತ್ತದೆ. ರಾತ್ರಿಯಲ್ಲಿ ವೀಕ್ಷಣಾಪಟ್ಟಿಯ ಎರಡೂ ರಂಧ್ರಗಳ ಮೂಲಕ ನಕ್ಷತ್ರ ಕಾಣುವವರೆಗೆ ಪಟ್ಟಿಯನ್ನು ತಿರುಗಿಸಿ, ಅದರ ತುದಿ ಸೂಚಿಸುವ ಡಿಗ್ರಿಯನ್ನು ಓದಿಕೊಳ್ಳುತ್ತಾರೆ. ಸೂರ್ಯನನ್ನು ಎಂದಿಗೂ ರಂಧ್ರದ ಮೂಲಕ ನೋಡಬಾರದು. ಹಗಲಿನಲ್ಲಿ ಯಂತ್ರವನ್ನು ಸೊಂಟದ ಎತ್ತರದಲ್ಲಿ ಹಿಡಿದು, ಮೇಲಿನ ರಂಧ್ರದಿಂದ ಬಂದ ಬಿಸಿಲಿನ ಚುಕ್ಕೆಯು ಸರಿಯಾಗಿ ಕೆಳಗಿನ ರಂಧ್ರದ ಮೇಲೆ ಬೀಳುವಂತೆ ಪಟ್ಟಿಯನ್ನು ಹೊಂದಿಸುತ್ತಾರೆ.

ಹಗಲಿನಲ್ಲಿ ಸಮಯ ತಿಳಿಯುವುದು

ದೆಹಲಿಯಲ್ಲಿ (ಅಕ್ಷಾಂಶ ಸುಮಾರು 28.6° ಉತ್ತರ) ಏಪ್ರಿಲ್ 21ರ ಬೆಳಗ್ಗೆ ಸೂರ್ಯನ ಉನ್ನತಿ 40° ಇದೆ ಎಂದಿಟ್ಟುಕೊಳ್ಳೋಣ. ಮೊದಲು ಅಂದು ಸೂರ್ಯನು ಕ್ರಾಂತಿವೃತ್ತದಲ್ಲಿ ಎಲ್ಲಿದ್ದಾನೆ ಎಂಬುದು ತಿಳಿಯಬೇಕು. ಯೂರೋಪಿನ ಆಸ್ಟ್ರೋಲೇಬುಗಳ ಹಿಂಬದಿಯಲ್ಲಿ ತಿಂಗಳು ಮತ್ತು ರಾಶಿಗಳ ಮಾಪಕಗಳು ಅಕ್ಕಪಕ್ಕದಲ್ಲಿರುವುದರಿಂದ ಅಲ್ಲೇ ಓದಿಕೊಳ್ಳಬಹುದು. ಇತರ ಯಂತ್ರಗಳ ಬಳಕೆದಾರರು ಕೋಷ್ಟಕವನ್ನೋ ಪಂಚಾಂಗವನ್ನೋ ನೋಡುತ್ತಿದ್ದರು. ಏಪ್ರಿಲ್ 21ರಂದು ಸೂರ್ಯನು ಸಾಯನ ಗಣನೆಯಂತೆ ವೃಷಭದ 1ನೇ ಡಿಗ್ರಿಯ ಸುಮಾರಿಗೆ ಇರುತ್ತಾನೆ.

ಇಲ್ಲಿ ಎಚ್ಚರ ಬೇಕು. ಭಪತ್ರದ ರಾಶಿಗಳು ವಿಷುವ ಬಿಂದುವಿನಿಂದ ಆರಂಭವಾಗುವ ಸಾಯನ ರಾಶಿಗಳು. ನಮ್ಮ ಹೆಚ್ಚಿನ ಪಂಚಾಂಗಗಳು ನಿರಯಣ ಗಣನೆಯವು. ಅವುಗಳಲ್ಲಿ ಅದೇ ದಿನ ಸೂರ್ಯನು ಮೇಷದ 7ನೇ ಡಿಗ್ರಿಯ ಸುಮಾರಿಗೆ ಇರುತ್ತಾನೆ. ಎರಡರ ನಡುವಿನ ಅಂತರವಾದ ಅಯನಾಂಶವು ಇಂದು ಸುಮಾರು 24°. ಅದನ್ನು ಕೂಡಿಸದೆ ಪಂಚಾಂಗದ ಅಂಕಿಯನ್ನು ನೇರವಾಗಿ ಬಳಸಿದರೆ ಉತ್ತರ ತಪ್ಪುತ್ತದೆ.

ಈಗ ಯಂತ್ರದ ಮುಂಬದಿಗೆ ಬರಬೇಕು. ಇಲ್ಲಿ ದಕ್ಷಿಣ ಮೇಲೆ, ಪೂರ್ವ ಎಡಕ್ಕೆ, ಪಶ್ಚಿಮ ಬಲಕ್ಕೆ ಇರುತ್ತದೆ. ದೆಹಲಿಯ ಅಕ್ಷಪತ್ರವನ್ನು ಮೇಲೆ ಇಟ್ಟು, ಭಪತ್ರವನ್ನು ತಿರುಗಿಸಿ, ವೃಷಭದ 1ನೇ ಡಿಗ್ರಿಯು ಪೂರ್ವದಿಗಂತದ ಗೆರೆಯನ್ನು ಮುಟ್ಟುವಂತೆ ಮಾಡಬೇಕು. ಇದು ಅಂದಿನ ಸೂರ್ಯೋದಯದ ಸ್ಥಿತಿ. ಮಕರದ ಮುಳ್ಳು ಅಂಚಿನಲ್ಲಿ ತೋರುವ ಡಿಗ್ರಿಯನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಭಪತ್ರವನ್ನು ಬಲಮುರಿಯಾಗಿ ತಿರುಗಿಸುತ್ತ, ಅದೇ ರಾಶಿಬಿಂದುವು ಪೂರ್ವಭಾಗದ 40° ಉನ್ನತಿವೃತ್ತವನ್ನು ಮುಟ್ಟಿದಾಗ ನಿಲ್ಲಿಸಬೇಕು. ಮುಳ್ಳು ಅಷ್ಟರಲ್ಲಿ ಸುಮಾರು 46° ಸರಿದಿರುತ್ತದೆ.

ಆಕಾಶವು 360° ತಿರುಗಲು 24 ಗಂಟೆ ಹಿಡಿಯುವುದರಿಂದ 1 ಡಿಗ್ರಿಗೆ 4 ನಿಮಿಷ. 46 ಡಿಗ್ರಿಗೆ 184 ನಿಮಿಷ, ಅಂದರೆ ಸೂರ್ಯೋದಯದಿಂದ 3 ಗಂಟೆ 4 ನಿಮಿಷ ಕಳೆದಿದೆ. ಭಾರತೀಯ ಪದ್ಧತಿಯಲ್ಲಿ ದಿನಕ್ಕೆ 60 ಘಳಿಗೆಗಳಿದ್ದು ಒಂದು ಘಳಿಗೆಗೆ 6 ಡಿಗ್ರಿ ಆಗುತ್ತದೆ. ಆ ಲೆಕ್ಕದಲ್ಲಿ ಕಳೆದಿರುವುದು 7⅔ ಘಳಿಗೆ. ಅದೇ ಬಿಂದುವನ್ನು ಮಧ್ಯಾಹ್ನರೇಖೆಗೆ ತಂದು ಹೋಲಿಸಿದರೆ ನಡುಹಗಲಿಗೆ ಇನ್ನೂ ಸುಮಾರು 51° ಬಾಕಿ ಇದೆ ಎಂದು ತಿಳಿಯುತ್ತದೆ. ಆದ್ದರಿಂದ ಸೌರಕಾಲವು ಸುಮಾರು ಬೆಳಗ್ಗೆ 8 ಗಂಟೆ 37 ನಿಮಿಷ.

ಅದೇ ಕ್ಷಣದಲ್ಲಿ ಕೈಗಡಿಯಾರವು ಸುಮಾರು 8 ಗಂಟೆ 57 ನಿಮಿಷ ತೋರಿಸುತ್ತದೆ. ಇದು ಯಂತ್ರದ ದೋಷವಲ್ಲ. ಭಾರತೀಯ ಪ್ರಮಾಣ ಕಾಲವು 82.5° ಪೂರ್ವ ರೇಖಾಂಶಕ್ಕೆ ಸೇರಿದ್ದು, ದೆಹಲಿಯು ಅದರಿಂದ 5.3° ಪಶ್ಚಿಮಕ್ಕಿರುವುದರಿಂದ ಅಲ್ಲಿಯ ಸೂರ್ಯ 21 ನಿಮಿಷ ತಡವಾಗಿ ನಡುನೆತ್ತಿಗೆ ಬರುತ್ತಾನೆ. ಸೂರ್ಯನ ಚಲನೆ ವರ್ಷವಿಡೀ ಏಕರೂಪವಾಗಿಲ್ಲದ ಕಾರಣ ಅಂದು ಇನ್ನೊಂದು ನಿಮಿಷದ ವ್ಯತ್ಯಾಸವೂ ಇರುತ್ತದೆ. ಆಸ್ಟ್ರೋಲೇಬ್ ತೋರಿಸುವುದು ಆಯಾ ಊರಿನ ಸೂರ್ಯನ ಕಾಲವನ್ನು.

ರಾತ್ರಿಯ ಸಮಯ ಮತ್ತು ನಕ್ಷತ್ರಗಳ ಗುರುತು

ಅದೇ ದಿನದ ರಾತ್ರಿ ಸ್ವಾತಿ ನಕ್ಷತ್ರವು ಪೂರ್ವದ ಕಡೆ 45° ಎತ್ತರದಲ್ಲಿ ಕಂಡಿದೆ ಎನ್ನೋಣ. ಮೊದಲು ಸೂರ್ಯನ ರಾಶಿಬಿಂದುವನ್ನು ಪಶ್ಚಿಮ ದಿಗಂತಕ್ಕೆ ತಂದು ಮುಳ್ಳಿನ ಸ್ಥಾನವನ್ನು ಗುರುತು ಮಾಡಬೇಕು. ಅದು ಸೂರ್ಯಾಸ್ತ. ಬಳಿಕ ಸ್ವಾತಿಯ ಕೊಂಡಿಯ ತುದಿಯು ಪೂರ್ವಭಾಗದ 45° ವೃತ್ತವನ್ನು ಮುಟ್ಟುವವರೆಗೆ ಭಪತ್ರವನ್ನು ತಿರುಗಿಸಬೇಕು. ಮುಳ್ಳು ಸುಮಾರು 40° ಸರಿಯುತ್ತದೆ. ಸೂರ್ಯಾಸ್ತದಿಂದ 2 ಗಂಟೆ 40 ನಿಮಿಷ ಕಳೆದಿದೆ. ಅಂದು ದೆಹಲಿಯಲ್ಲಿ ಸೌರಕಾಲದಂತೆ ಸೂರ್ಯಾಸ್ತವು ಸಂಜೆ 6 ಗಂಟೆ 26 ನಿಮಿಷಕ್ಕೆ ಆಗುವುದರಿಂದ ಈಗಿನ ಸಮಯ ರಾತ್ರಿ 9 ಗಂಟೆ 6 ನಿಮಿಷ.

ಈ ಸ್ಥಿತಿಯಲ್ಲಿ ಭಪತ್ರವನ್ನು ಹಾಗೆಯೇ ಬಿಟ್ಟರೆ ಅದು ಆ ಕ್ಷಣದ ಆಕಾಶದ ನಕ್ಷೆಯಾಗುತ್ತದೆ. ಅಳೆದದ್ದು ಒಂದು ನಕ್ಷತ್ರವನ್ನಾದರೂ ಉಳಿದವೆಲ್ಲ ತಮ್ಮ ತಮ್ಮ ಸ್ಥಾನಕ್ಕೆ ಬಂದಿರುತ್ತವೆ. ಮಘಾ ನಕ್ಷತ್ರವು ಮಧ್ಯಾಹ್ನರೇಖೆಯನ್ನು ದಾಟಿ ತುಸು ಪಶ್ಚಿಮಕ್ಕೆ ವಾಲಿದ್ದು ಸುಮಾರು 69° ಎತ್ತರದಲ್ಲಿದೆ. ಚಿತ್ತಾ ನಕ್ಷತ್ರವು ಆಗ್ನೇಯದಲ್ಲಿ 37° ಎತ್ತರದಲ್ಲಿದೆ. ಲುಬ್ಧಕವು ಪಶ್ಚಿಮದ ಕಡೆ 13° ಎತ್ತರಕ್ಕೆ ಇಳಿದಿದೆ. ಅಭಿಜಿತ್ ನಕ್ಷತ್ರವು ಈಶಾನ್ಯ ದಿಗಂತದಲ್ಲಿ ಆಗತಾನೇ ಮೇಲೇರುತ್ತಿದೆ. ಗುರುತು ಸಿಗದ ನಕ್ಷತ್ರವೊಂದರ ಹೆಸರು ತಿಳಿಯಬೇಕಾದರೂ ಇದೇ ದಾರಿ. ಅದರ ಉನ್ನತಿಯನ್ನೂ ದಿಕ್ಕನ್ನೂ ನೋಡಿ, ತಗಡಿನ ಮೇಲೆ ಅದೇ ಸ್ಥಳದಲ್ಲಿ ಯಾವ ಕೊಂಡಿ ಇದೆ ಎಂದು ಓದಬೇಕು.

ಹೊಸಬರು ಸಾಮಾನ್ಯವಾಗಿ ತಪ್ಪುವುದು ದಿಕ್ಕಿನಲ್ಲಿ. ಒಂದು ನಕ್ಷತ್ರ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ 45° ಎತ್ತರದಲ್ಲಿರುತ್ತದೆ. ಸ್ವಾತಿಯ ಕೊಂಡಿಯನ್ನು ಪೂರ್ವದ ಬದಲು ಪಶ್ಚಿಮದ 45° ವೃತ್ತದ ಮೇಲಿಟ್ಟರೆ ಯಂತ್ರವು ಬೆಳಗಿನ ಜಾವ 3 ಗಂಟೆ 34 ನಿಮಿಷ ಎಂದು ಹೇಳುತ್ತದೆ. ಸಂದೇಹ ಬಂದಾಗ ಎರಡನೆಯ ನಕ್ಷತ್ರವೊಂದನ್ನು ಅಳೆದು ನೋಡಿದರೆ ತಪ್ಪು ತಿಳಿಯುತ್ತದೆ. ಮೊದಲ ನಕ್ಷತ್ರದ ಇರಿಸುವಿಕೆ ಸರಿಯಾಗಿದ್ದರೆ ಎರಡನೆಯದೂ ತಾನಾಗಿಯೇ ಅಳೆದ ವೃತ್ತದ ಮೇಲಿರುತ್ತದೆ.

ಅಕ್ಷಾಂಶವನ್ನು ಕಂಡುಹಿಡಿಯುವುದು

ಮೇಲಿನ ಎರಡು ಕೆಲಸಗಳಿಗೂ ಊರಿನ ಅಕ್ಷಾಂಶ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಯಂತ್ರದ ಹಿಂಬದಿಯಿಂದಲೇ ಅದನ್ನು ಅಳೆಯಬಹುದು. ನಡುಹಗಲಿನ ಹೊತ್ತಿಗೆ ಸೂರ್ಯನ ಉನ್ನತಿಯನ್ನು ಮತ್ತೆ ಮತ್ತೆ ಅಳೆಯುತ್ತ, ಅದು ಏರುವುದನ್ನು ನಿಲ್ಲಿಸಿ ಇಳಿಯತೊಡಗುವ ಮುನ್ನಿನ ಗರಿಷ್ಠ ಬೆಲೆಯನ್ನು ತೆಗೆದುಕೊಳ್ಳಬೇಕು. ಏಪ್ರಿಲ್ 21ರಂದು ದೆಹಲಿಯಲ್ಲಿ ಇದು 73.2°. ಇದನ್ನು 90ರಿಂದ ಕಳೆದರೆ ಸೂರ್ಯನು ಖಮಧ್ಯದಿಂದ 16.8° ದಕ್ಷಿಣಕ್ಕಿದ್ದಾನೆ ಎಂದಾಯಿತು. ಅಂದು ಸೂರ್ಯನು ವಿಷುವದ್ವೃತ್ತದಿಂದ 11.8° ಉತ್ತರಕ್ಕಿರುತ್ತಾನೆ. ಎರಡನ್ನೂ ಕೂಡಿಸಿದರೆ 28.6°. ಇದೇ ದೆಹಲಿಯ ಅಕ್ಷಾಂಶ.

ಉಷ್ಣವಲಯದಲ್ಲಿ ಈ ಸೂತ್ರವನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಬೆಂಗಳೂರಿನ ಅಕ್ಷಾಂಶ ಸುಮಾರು 13°. ಜೂನ್ 21ರಂದು ಸೂರ್ಯನು 23.4° ಉತ್ತರಕ್ಕಿರುವುದರಿಂದ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕೆ, 79.6° ಎತ್ತರದಲ್ಲಿರುತ್ತಾನೆ. ಆಗ ಖಮಧ್ಯದಿಂದ ಇರುವ 10.4° ದೂರವನ್ನು ಕೂಡಿಸುವ ಬದಲು ಕಳೆಯಬೇಕು. 23.4ರಲ್ಲಿ 10.4 ಕಳೆದರೆ 13 ಉಳಿಯುತ್ತದೆ. ಕೂಡಿಸಿದರೆ 33.8° ಬಂದು ಊರು ಕಾಶ್ಮೀರದ ಸಮೀಪಕ್ಕೆ ಹೋಗಿಬಿಡುತ್ತದೆ. ಅಳೆಯುವಾಗ ನೆರಳು ಉತ್ತರಕ್ಕೆ ಬಿದ್ದಿದೆಯೋ ದಕ್ಷಿಣಕ್ಕೋ ಎಂದು ನೋಡಿಕೊಂಡರೆ ಗೊಂದಲವಿಲ್ಲ.

ರಾತ್ರಿಯಲ್ಲಿ ಧ್ರುವ ನಕ್ಷತ್ರದ ಉನ್ನತಿಯೇ ಸ್ಥೂಲವಾಗಿ ಅಕ್ಷಾಂಶ. ಇಂದು ಅದು ನಿಜವಾದ ಧ್ರುವಬಿಂದುವಿನಿಂದ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದೆ. 14ನೇ ಶತಮಾನದಲ್ಲಿ ಈ ದೂರ ಸುಮಾರು 4° ಇದ್ದುದರಿಂದ ಒಂದೇ ಅಳತೆಯನ್ನು ನಂಬುವಂತಿರಲಿಲ್ಲ. ಧ್ರುವದ ಸುತ್ತ ಮುಳುಗದೆ ತಿರುಗುವ ನಕ್ಷತ್ರವೊಂದರ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಉನ್ನತಿಗಳನ್ನು ಅಳೆದು ಸರಾಸರಿ ತೆಗೆಯುವುದು ಹೆಚ್ಚು ಭದ್ರವಾದ ವಿಧಾನ. ಆದರೆ ಎರಡೂ ಅಳತೆಗಳ ನಡುವೆ ಸುಮಾರು 12 ಗಂಟೆಗಳ ಕತ್ತಲು ಬೇಕು.

ನಿಖರತೆ ಮತ್ತು ಮಿತಿಗಳು

20 ಸೆಂ.ಮೀ. ವ್ಯಾಸದ ಯಂತ್ರದ ಅಂಚಿನಲ್ಲಿ ಒಂದು ಡಿಗ್ರಿಯ ಅಗಲ ಕೇವಲ 1.75 ಮಿ.ಮೀ. ಅರ್ಧ ಡಿಗ್ರಿಯವರೆಗೆ ಓದಬಲ್ಲ ವೀಕ್ಷಕನಿಗೆ ಅಕ್ಷಾಂಶದಲ್ಲಿ ಸುಮಾರು 55 ಕಿ.ಮೀ. ಅನಿಶ್ಚಿತತೆ ಉಳಿಯುತ್ತದೆ.

ಕಾಲದ ನಿಖರತೆಯು ಅಳೆಯುವ ಹೊತ್ತನ್ನು ಅವಲಂಬಿಸಿದೆ. ಮೇಲಿನ ಉದಾಹರಣೆಯಲ್ಲಿ ಬೆಳಗ್ಗೆ ಸೂರ್ಯನು ಬೇಗ ಏರುತ್ತಿದ್ದುದರಿಂದ ಅರ್ಧ ಡಿಗ್ರಿಯ ತಪ್ಪು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ತಪ್ಪನ್ನಷ್ಟೇ ತರುತ್ತದೆ. ಅದೇ ದಿನ ನಡುಹಗಲಿಗೆ ಕಾಲು ಗಂಟೆ ಮುಂಚೆಯಿಂದ ಕಾಲು ಗಂಟೆ ನಂತರದವರೆಗೂ ಸೂರ್ಯನ ಉನ್ನತಿ ಅರ್ಧ ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಯಂತ್ರಕ್ಕೆ ಸಮಯ ಹೇಳಲಾಗದು. ಹೀಗೆ ನಡುಹಗಲು ಕಾಲ ತಿಳಿಯಲು ಅತ್ಯಂತ ಕೆಟ್ಟ ಹೊತ್ತು. ಅಕ್ಷಾಂಶ ಅಳೆಯಲು ಅದೇ ಒಳ್ಳೆಯ ಹೊತ್ತು.

ಬೇರೆ ಊರಿನ ಅಕ್ಷಪತ್ರವನ್ನು ಬಳಸಿದರೂ ಯಂತ್ರ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ದೆಹಲಿಯಲ್ಲಿ ಅಳೆದ 40° ಉನ್ನತಿಯನ್ನು 13° ಅಕ್ಷಾಂಶದ ತಗಡಿನ ಮೇಲೆ ಇಟ್ಟರೆ ಸೂರ್ಯೋದಯದಿಂದ ಕಳೆದ ಕಾಲ ಸುಮಾರು 17 ನಿಮಿಷ ಕಡಿಮೆ ಬರುತ್ತದೆ. ಈ ತಪ್ಪನ್ನು ಹಿಡಿಯುವ ಬಗೆ ಸುಲಭ. ಆ ತಗಡು ಅಂದಿನ ನಡುಹಗಲಿನ ಸೂರ್ಯನನ್ನು ಬಹುತೇಕ ನೆತ್ತಿಯ ಮೇಲೆ, ಸುಮಾರು 89° ಎತ್ತರದಲ್ಲಿ ತೋರಿಸುತ್ತದೆ. ಅಳೆದರೆ ಸಿಗುವುದು 73°.

ಕಾಲ ಸರಿದಂತೆ ಭಪತ್ರವೂ ಹಳತಾಗುತ್ತದೆ. ಭೂಮಿಯ ಅಕ್ಷವು ನಿಧಾನವಾಗಿ ಓಲಾಡುವುದರಿಂದ ವಿಷುವ ಬಿಂದುವು ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ರಾಶಿಗಳಿಗೆ ಹೋಲಿಸಿದಾಗ ನಕ್ಷತ್ರಗಳು ಮುಂದೆ ಸರಿದಂತಾಗುತ್ತದೆ. 1370ರ ಸುಮಾರಿನ ಲೆಕ್ಕದಂತೆ ಮಾಡಿದ ಭಪತ್ರದಿಂದ ಇಂದು ಸ್ವಾತಿಯನ್ನು ಅಳೆದು ಸಮಯ ನೋಡಿದರೆ ಸುಮಾರು ಅರ್ಧ ಗಂಟೆಯ ವ್ಯತ್ಯಾಸ ಬರುತ್ತದೆ. ಸೂರ್ಯನನ್ನು ಬಳಸಿ ನೋಡುವ ಹಗಲಿನ ಸಮಯಕ್ಕೆ ಈ ದೋಷ ತಟ್ಟುವುದಿಲ್ಲ. ಹಗಲಿನಲ್ಲಿ ಸರಿಯಾಗಿದ್ದ ಹಳೆಯ ಯಂತ್ರ ರಾತ್ರಿಯಲ್ಲಿ ತಪ್ಪಿದರೆ ಕಾರಣ ಇದೇ ಎಂದು ತಿಳಿಯಬಹುದು.

ಇತಿಹಾಸ

ಗೋಳವನ್ನು ಸಮತಲದ ಮೇಲೆ ಮೂಡಿಸುವ ವಿಧಾನವನ್ನು ಕ್ರಿ.ಶ. 2ನೇ ಶತಮಾನದಲ್ಲಿ ಟಾಲೆಮಿ ವಿವರಿಸಿದ್ದಾನೆ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಜಾನ್ ಫಿಲೋಪೋನಸ್ ಬರೆದ ಗ್ರಂಥವು ಈ ಯಂತ್ರದ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ಗ್ರೀಕ್ ಗ್ರಂಥ. ಇಸ್ಲಾಮೀ ಜಗತ್ತಿನಲ್ಲಿ ನಮಾಜಿನ ವೇಳೆಯನ್ನು ನಿರ್ಧರಿಸುವ ಅಗತ್ಯವೂ ಇದರ ಬೆಳವಣಿಗೆಗೆ ನೆರವಾಯಿತು. 11ನೇ ಶತಮಾನದಲ್ಲಿ ಟೊಲೆಡೊ ನಗರದ ಅಲ್-ಜರ್ಕಾಲಿಯು ಎಲ್ಲ ಅಕ್ಷಾಂಶಗಳಿಗೂ ಹೊಂದುವ ಒಂದೇ ತಗಡನ್ನು ರೂಪಿಸಿದ. ಇಂಗ್ಲಿಷ್ ಕವಿ ಚಾಸರ್ 1391ರ ಸುಮಾರಿಗೆ ಈ ಯಂತ್ರದ ಬಳಕೆಯ ಕುರಿತು ಒಂದು ಕೈಪಿಡಿ ಬರೆದ.

ಭಾರತದಲ್ಲಿ ದೆಹಲಿಯ ಸುಲ್ತಾನ ಫಿರೂಜ್ ಷಾ ತುಘಲಕನ ಆಶ್ರಯದಲ್ಲಿದ್ದ ಜೈನ ಮುನಿ ಮಹೇಂದ್ರ ಸೂರಿಯು 1370ರಲ್ಲಿ ‘ಯಂತ್ರರಾಜ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದಕ್ಕೆ ಅವನ ಶಿಷ್ಯ ಮಲಯೇಂದು ಸೂರಿ ವ್ಯಾಖ್ಯಾನ ಬರೆದಿದ್ದಾನೆ. ಮೊಘಲರ ಕಾಲದಲ್ಲಿ ಲಾಹೋರಿನ ಉಸ್ತಾದ್ ಅಲ್ಲಾಹದಾದನ ವಂಶದವರು ತಲೆಮಾರುಗಳ ಕಾಲ ಆಸ್ಟ್ರೋಲೇಬುಗಳನ್ನು ತಯಾರಿಸಿದರು. 18ನೇ ಶತಮಾನದಲ್ಲಿ ಸವಾಯಿ ಜಯಸಿಂಹನು ಜೈಪುರದ ಜಂತರ್ ಮಂತರ್‌ನಲ್ಲಿ ಎರಡು ಮೀಟರಿಗಿಂತ ಹೆಚ್ಚು ವ್ಯಾಸದ ಯಂತ್ರರಾಜವನ್ನು ತೂಗುಹಾಕಿಸಿದನು.

ಸಮುದ್ರಯಾನಕ್ಕೆ 15 ಮತ್ತು 16ನೇ ಶತಮಾನಗಳಲ್ಲಿ ಪೋರ್ಚುಗೀಸರು ಬಳಸಿದ ನಾವಿಕರ ಆಸ್ಟ್ರೋಲೇಬ್ ಇದರ ಸರಳ ರೂಪ. ಅದರಲ್ಲಿ ಅಕ್ಷಪತ್ರವೂ ಇಲ್ಲ, ಭಪತ್ರವೂ ಇಲ್ಲ. ಉನ್ನತಿ ಅಳೆದು ಅಕ್ಷಾಂಶ ತಿಳಿಯುವುದಷ್ಟೇ ಅದರ ಕೆಲಸ. ಹಡಗಿನ ಓಲಾಟದಲ್ಲಿ ಸ್ಥಿರವಾಗಿ ನಿಲ್ಲಲೆಂದು ಅದನ್ನು ಭಾರವಾಗಿ ಎರಕ ಹೊಯ್ದು, ಗಾಳಿಗೆ ಅಲುಗದಿರಲೆಂದು ನಡುವಿನ ಭಾಗವನ್ನು ತೆರೆದಿಡುತ್ತಿದ್ದರು.

18ನೇ ಶತಮಾನದಲ್ಲಿ ಬಂದ ಸೆಕ್ಸ್‌ಟೆಂಟ್ ಸಮುದ್ರದ ಮೇಲೆ ಕೋನ ಅಳೆಯುವ ಕೆಲಸವನ್ನು ಹೆಚ್ಚು ನಿಖರವಾಗಿ ಮಾಡಿತು. ಕಾಲ ತಿಳಿಯಲು ಜೇಬುಗಡಿಯಾರ ಸಾಕಾಯಿತು. ಯೂರೋಪಿನಲ್ಲಿ ಬಳಕೆ ನಿಂತ ಮೇಲೂ ಭಾರತದಲ್ಲಿ ಇದರ ತಯಾರಿಕೆ ಮುಂದುವರಿಯಿತು. 19ನೇ ಶತಮಾನದ ಮಧ್ಯಭಾಗದಲ್ಲಿಯೂ ಲಾಹೋರಿನ ಲಾಲಾ ಬುಲ್ಹೋಮಲ್ ಆಸ್ಟ್ರೋಲೇಬುಗಳನ್ನು ಕೊರೆಯುತ್ತಿದ್ದನು.